ಅರ್ಧಕ್ಕೇ ಇಳಿದ ಕೈ

ಆಫೀಸಿನವರು ಅವನಿಗೆ ನೇರಪ್ಪ ಎಂದು ಹೆಸರಿಟ್ಟದ್ದು, ದಿನಕ್ಕೆ ಇಪ್ಪತ್ತು ಸಲವಾದರೂ ಅವನ ಬಾಯಿಂದ ಉದುರುತ್ತಿದ್ದ ‘ನೇರವಾಗಿ’ ಎಂಬ ಮಾತಿನಿಂದ. ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತ ಕೂಡಲೇ “ಮಾತು ಬೇಡ, ಕತ್ತರಿ ಸಾಕು” ಎನ್ನುವ ಜಾತಿ. ಡಾಕ್ಟರ ಹತ್ತಿರ ಹೋದರೆ ಕಾಯಿಲೆಯ ಹೆಸರನ್ನೂ ಮಾತ್ರೆಯ ಹೆಸರನ್ನೂ ತಾನೇ ಹೇಳಿ, ಸಹಿ ಒಂದನ್ನು ಮಾತ್ರ ಅವರಿಗೆ ಬಿಡುತ್ತಿದ್ದ. ನಲವತ್ತಾರು ದಾಟಿದ ಮೇಲೆ ಈ ಗುಣ ಇನ್ನಷ್ಟು ಗಟ್ಟಿಯಾಯಿತು. ಸುತ್ತು ಬಳಸಿ ಹೋಗುವವರೆಲ್ಲ ಅವನ ಲೆಕ್ಕದಲ್ಲಿ ದಾರಿ ಗೊತ್ತಿಲ್ಲದವರು.

ಅವನ ಕೆಲಸ, ಕಂಪ್ಯೂಟರಿನೊಳಗಿನ ಗೊಂಬೆಗಳಿಗೆ ಕೈಕಾಲು ಆಡಿಸುವ ಕೋಡ್ ಬರೆಯುವುದು. ಕಾರ್ಖಾನೆಗಳಿಗೆ ತರಬೇತಿಯ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ಅದು. ಒಂದು ಮಹಡಿ, ಹದಿನಾಲ್ಕು ಕುರ್ಚಿ, ಯಾವಾಗಲೂ ಕೆಟ್ಟಿರುವ ಒಂದು ಕಾಫಿ ಮಷೀನು. ಗೊಂಬೆ ನಡೆಯುವುದು, ಬಗ್ಗುವುದು, ಬೀಗ ಹಾಕುವುದು, ಹೀಗೆ ಒಂದೊಂದು ಚಲನೆಯೂ ಒಂದೊಂದು ಕ್ಲಿಪ್. ಯಾವುದರ ನಂತರ ಯಾವುದು ಬರಬೇಕು ಎಂದು ಗೊತ್ತುಮಾಡಲು ಎಲ್ಲರೂ ಬಳಸುವುದು ಅನಿಮೇಟರ್ ಕಂಟ್ರೋಲರ್ ಎಂಬ ನಕ್ಷೆಯನ್ನು. ಒಂದೊಂದು ಕ್ಲಿಪ್ಪಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಾಣ. ಒಂದು ಚಲನೆ ಇನ್ನೊಂದರೊಳಗೆ ಎಷ್ಟು ಹೊತ್ತಿನಲ್ಲಿ ಕರಗಬೇಕು ಎಂಬುದನ್ನು ಬಾಣ ಬಾಣಕ್ಕೂ ಬೇರೆ ಬೇರೆಯಾಗಿ ಬರೆಯಬಹುದು. ನೇರಪ್ಪನಿಗೆ ಈ ನಕ್ಷೆ ಕಂಡರೆ ಮೈ ಉರಿಯುತ್ತಿತ್ತು. ಜೇಡರ ಬಲೆ ಎಂದು ಕರೆಯುತ್ತಿದ್ದ. ಪೊರಕೆ ತರಲಾ ಎಂದು ಅನಿಮೇಟರ್ ಹುಡುಗಿಯನ್ನು ಕೆಣಕುತ್ತಿದ್ದ.

ಅವನ ದಾರಿ ಬೇರೆ. ಗೊಂಬೆಯ ಮೇಲಿನ ಕಂಟ್ರೋಲರ್ ಜಾಗವನ್ನು ಖಾಲಿ ಬಿಟ್ಟು, ಕೋಡಿನಲ್ಲೇ ಒಂದು ಪ್ಲೇಯಬಲ್ ಗ್ರಾಫ್ ಕಟ್ಟುವುದು. ಕ್ಲಿಪ್ಪುಗಳನ್ನು ಒಂದು ಮಿಕ್ಸರಿಗೆ ಜೋಡಿಸುವುದು, ಮಿಕ್ಸರನ್ನು ಗೊಂಬೆಗೆ ಜೋಡಿಸುವುದು, ಯಾವ ಕ್ಲಿಪ್ಪಿಗೆ ಎಷ್ಟು ತೂಕ, ಅಂದರೆ ಗೊಂಬೆಯ ಮೈಮೇಲೆ ಅದರ ಹಿಡಿತ ಎಷ್ಟು, ಎಂದು ಹೇಳುವುದು, ಓಡಿಸುವುದು. ಕೆಲಸ ಮುಗಿದ ಮೇಲೆ ಗ್ರಾಫನ್ನು ಅಳಿಸಿಹಾಕುವುದು. ಅಳಿಸದಿದ್ದರೆ ಅದು ಮೆಮೊರಿಯಲ್ಲಿ ಬೇಡದ ನೆಂಟನ ಹಾಗೆ ಉಳಿದುಬಿಡುತ್ತದೆ. “ನನ್ನ ಸರ್ವೀಸಿನಲ್ಲಿ ಒಂದು ಗ್ರಾಫೂ ಉಳಿದಿಲ್ಲ” ಎಂದು ಅವನು ಹೇಳುವಾಗಿನ ಧಾಟಿ ಕೇಳಿದರೆ, ಯುದ್ಧದಿಂದ ಒಬ್ಬ ಸಿಪಾಯಿಯನ್ನೂ ಕಳೆದುಕೊಳ್ಳದೆ ಬಂದ ಸೇನಾಪತಿ ನೆನಪಾಗಬೇಕು.

ಡಬ್ಬಿಯ ಮುಚ್ಚಳ ಒತ್ತುವ ಕಾರ್ಖಾನೆಯ ಕೆಲಸ ಬಂದಾಗ ಅವನಿಗೆ ಹಬ್ಬವಾಯಿತು. ಮೂವತ್ತೆಂಟು ಮಷೀನು, ಆರುನೂರು ಚಿಲ್ಲರೆ ಕ್ಲಿಪ್ಪು. ಪ್ರೆಸ್ಸು ನಿಲ್ಲಿಸಿ, ಬೀಗ ಹಾಕಿ, ಒಳಗೆ ಕೈ ಹಾಕಿ ಅಚ್ಚು ಸ್ವಚ್ಛ ಮಾಡುವುದು ಹೇಗೆ ಎಂದು ಗೊಂಬೆ ಮಾಡಿ ತೋರಿಸಬೇಕು. ಪ್ರತಿ ಪ್ರೆಸ್ಸಿನ ಕಂಬದ ಮೇಲೆ ಒಂದು ಪರದೆ ಕೂರುತ್ತದೆ. ಕಾರ್ಖಾನೆಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸದ್ದರಿಂದ ದನಿ ಬೇಡ. ಕೆಲಸಗಾರರ ಭಾಷೆಗಳು ಏಳೆಂಟು, ಹಾಗಾಗಿ ಬರಹವೂ ಬೇಡ. ಗೊಂಬೆ ಮಾಡುತ್ತದೆ, ಪಕ್ಕದಲ್ಲಿ ಒಂದರಿಂದ ಒಂಬತ್ತರ ತನಕ ಹಂತದ ಅಂಕಿ ಹೊತ್ತಿಕೊಳ್ಳುತ್ತದೆ, ಅಷ್ಟೇ. ನೋಡಿದ್ದನ್ನು ಕೆಲಸಗಾರ ಮಾಡಬೇಕು.

ಚಲನೆಗಳನ್ನು ಹಿಡಿಯಲು ಒಬ್ಬ ನಿಜವಾದ ಮನುಷ್ಯ ಬೇಕಿತ್ತು. ನೇರಪ್ಪ ತನ್ನ ಭಾವನನ್ನು ಕರೆದುಕೊಂಡು ಬಂದ. ಅಕ್ಕನ ಗಂಡ, ಅದೇ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಫಿಟ್ಟರು. ಹತ್ತು ಬೆರಳೂ ಇರುವ ಹಳೆಯ ಫಿಟ್ಟರು ಎಂದೇ ಅಲ್ಲಿ ಅವರನ್ನು ಗುರುತಿಸುತ್ತಿದ್ದರು. ಮೈಗಂಟುವ ಕರಿ ಉಡುಪು ಹಾಕಿಸಿ, ಕ್ಯಾಮೆರಾ ಗುರುತು ಹಿಡಿಯಲೆಂದು ಅದರ ಮೇಲೆಲ್ಲ ಬಿಳಿ ಗುಂಡು ಅಂಟಿಸಿದಾಗ ಅವರು ಕನ್ನಡಿ ನೋಡಿಕೊಂಡು, ನಿಮ್ಮ ಅಕ್ಕ ಇದನ್ನು ನೋಡಿದರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ ಎಂದರಂತೆ. ಹೊಟ್ಟೆ ಒಳಗೆಳೆದುಕೊಂಡೇ ಒಂಬತ್ತೂ ಹಂತ ಮಾಡಿ ತೋರಿಸಿದರು.

ಅದರಲ್ಲಿ ಆರನೆಯದು ಪರೀಕ್ಷೆ. ಮೇನ್ ಸ್ವಿಚ್ಚಿಗೆ ಬೀಗ ಹಾಕಿದ ಮೇಲೆ, ಪ್ರೆಸ್ಸಿನ ಚಾಲೂ ಗುಂಡಿಯನ್ನು ಬೇಕೆಂದೇ ಒಮ್ಮೆ ಒತ್ತಿ ನೋಡಬೇಕು. ಮಷೀನು ಮಿಸುಕದಿದ್ದರೆ ಬೀಗ ಸರಿಯಾದ ಸ್ವಿಚ್ಚಿಗೇ ಬಿದ್ದಿದೆ ಎಂದರ್ಥ. ಆಮೇಲೆಯೇ ಕೈ ಒಳಗೆ. ಭಾವನ ಕೈ ಆ ಗುಂಡಿಗೆ ಹೋಗಿ ಬಂದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸಕ್ಕೆ ನಿಧಾನ ಗೊತ್ತಿರುವುದಿಲ್ಲ. ಅನಿಮೇಟರ್ ಹುಡುಗಿ ಅಳೆದು ನೋಡಿದರೆ, ಸೆಕೆಂಡಿಗೆ ಮೂವತ್ತು ಚಿತ್ರದ ಲೆಕ್ಕದಲ್ಲಿ ಹನ್ನೆರಡು ಫ್ರೇಮು, ಅಂದರೆ ಅರ್ಧ ಸೆಕೆಂಡಿಗಿಂತಲೂ ಕಮ್ಮಿ.

“ಇನ್ನೊಂದ್ಸಲ ನಿಧಾನವಾಗಿ ಮಾಡಿಸೋಣ್ವಾ ಸರ್?” ಎಂದಳು.

“ಅಸಲಿ ಕೈ ಹಾಗೇ ಇರೋದು. ಅಸಲಿಗೆ ಕೈ ಹಾಕ್ಬೇಡ” ಎಂದ ನೇರಪ್ಪ.

ಆಮೇಲೆ ಗ್ರಾಫ್ ಕಟ್ಟಿದ. ಒಂದು ಮಷೀನಿನ ಪಾಠದ ಅಷ್ಟೂ ಕ್ಲಿಪ್ಪುಗಳನ್ನು ಒಂದೇ ಮಿಕ್ಸರಿಗೆ ಜೋಡಿಸಿ, ಸರದಿ ಬಂದ ಕ್ಲಿಪ್ಪಿನ ಕಾಲವನ್ನು ಸೊನ್ನೆಗೆ ತಂದು ಓಡಿಸುವುದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಗೊಂಬೆ ಜಿಗಿಯಬಾರದು. ಅದಕ್ಕೆ ಹಳೆಯದರ ತೂಕ ಇಳಿಯಬೇಕು, ಹೊಸದರ ತೂಕ ಏರಬೇಕು. ಇದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಎಂದು ಗೊತ್ತುಮಾಡಿದ. ಆರುನೂರಕ್ಕೂ ಒಂದೇ ನಿಯಮ. ಕೊನೆಗೆ, ಯಾವ ಗಳಿಗೆಯಲ್ಲೂ ಎಲ್ಲ ತೂಕ ಕೂಡಿದರೆ ಸರಿಯಾಗಿ ಒಂದು ಬರುವ ಹಾಗೆ ಭಾಗಿಸಿಬಿಟ್ಟ. ಬೇರೆಯವರು ಮೂರು ತಿಂಗಳು ಬಾಣ ಎಳೆಯುತ್ತ ಕೂರುತ್ತಿದ್ದ ಕೆಲಸ ಹನ್ನೊಂದು ದಿನಕ್ಕೆ ಮುಗಿಯಿತು.

ಅನಿಮೇಟರ್ ಹುಡುಗಿ ಮತ್ತೊಮ್ಮೆ ಬಂದಳು. ಆರನೇ ಹಂತದಲ್ಲಿ ಕೈ ಯಾಕೋ ಮೆತ್ತಗಾಗಿದೆ, ಬಾಣಗಳಿದ್ದಿದ್ದರೆ ಅದೊಂದಕ್ಕೆ ಬೇರೆ ಹೊತ್ತು ಬರೆಯಬಹುದಿತ್ತು ಎಂದಳು. ನೇರಪ್ಪ ಪರದೆಯ ಮೇಲೆ ತೂಕಗಳ ಸಾಲನ್ನು ತೋರಿಸಿದ. ಕೂಡಿದರೆ ಒಂದು, ಎಲ್ಲಿ ನೋಡಿದರೂ ಒಂದು. ತಪ್ಪಿನ ಒಂದು ಕೆಂಪಕ್ಷರವಿಲ್ಲ. “ಗಣಿತಕ್ಕಿಂತ ನಿನ್ನ ಕಣ್ಣು ದೊಡ್ಡದಾ?” ಎಂದು ಕೇಳಿದ. ಅವಳು ತನ್ನ ಕುರ್ಚಿಗೆ ಹೋದಳು. ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಬಂದು ಅಂಕಿಗಳನ್ನು ಬೆರಳು ಮಡಿಸಿ ಎಣಿಸಿದ. ಒಂಬತ್ತೂ ಹೊತ್ತಿಕೊಂಡವು. ಸಹಿ ಹಾಕಿದ. ಕಂಪನಿಯ ಯಜಮಾನ ಎಲ್ಲರನ್ನೂ ಸೇರಿಸಿ ನೇರಪ್ಪನಿಂದ ನಾಲ್ಕು ಮಾತು ಆಡಿಸಿದ. ನಾಲ್ಕು ಮಾತು ನಲವತ್ತು ನಿಮಿಷವಾಯಿತು. ಪ್ಲೇಯಬಲ್ ಗ್ರಾಫಿನ ಮಹಿಮೆ ಮುಗಿಯುವ ಹೊತ್ತಿಗೆ ಸಮೋಸದ ಟ್ರೇ ಖಾಲಿಯಾಗಿತ್ತು. ಕೇಳುತ್ತಿದ್ದವರು ಇಬ್ಬರು, ಅದರಲ್ಲಿ ಒಬ್ಬರು ಟ್ರೇ ವಾಪಸು ಒಯ್ಯಲು ಕಾದಿದ್ದವರು.

ಹದಿನಾಲ್ಕು ತಿಂಗಳ ಮೇಲೆ, ಒಂದು ಬೆಳಿಗ್ಗೆ ಭಾವ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಶಿಫ್ಟಿನ ನೀಲಿ ಅಂಗಿಯಲ್ಲೇ ಬಂದಿದ್ದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

ಮೂರನೇ ಪ್ರೆಸ್ಸಿನ ಹೆಂಗಸಿನ ಬಲಗೈ ಹೋಯಿತು ಎಂದರು. ಹೆಬ್ಬೆರಳು ಉಳಿದಿದೆ, ಮಿಕ್ಕ ನಾಲ್ಕು ಇಲ್ಲ. ಅವಳು ಬೀಗ ಹಾಕಿದ್ದಳು, ಆದರೆ ಪಕ್ಕದ ಪ್ರೆಸ್ಸಿನ ಸ್ವಿಚ್ಚಿಗೆ. ಹಿಂದಿನ ವಾರ ಬಣ್ಣ ಬಳಿದವರು ಸ್ವಿಚ್ಚುಗಳ ಅಂಕಿ ತಪ್ಪಾಗಿ ಬರೆದಿದ್ದರು. ಅವಳು ಕೈ ಒಳಗಿಟ್ಟಿದ್ದಾಗ, ಪ್ರೆಸ್ಸಿನ ಆಚೆ ಬದಿಯಲ್ಲಿದ್ದು ಅವಳನ್ನು ಕಾಣದ ಒಬ್ಬ ಅದರ ಚಾಲೂ ಗುಂಡಿ ಒತ್ತಿದ. ಒಳಗೆ ಕೈ ಹಾಕುವ ಮೊದಲು ಅವಳೇ ಗುಂಡಿ ಒತ್ತಿ ನೋಡಿದ್ದರೆ ಪ್ರೆಸ್ಸು ಖಾಲಿ ಗಾಳಿಯನ್ನು ಕಚ್ಚುತ್ತಿತ್ತು, ಅಷ್ಟೇ ಆಗುತ್ತಿತ್ತು. ಒತ್ತಿಲ್ಲ ಎಂದು ಕ್ಯಾಮೆರಾ ಹೇಳುತ್ತದೆ. ಅವಳು, ಕಲಿಸಿದ್ದನ್ನೆಲ್ಲ ಮಾಡಿದೆ ಎನ್ನುತ್ತಾಳೆ. ವಿಚಾರಣೆ ಬರುವ ಸೋಮವಾರ. ನಿಯಮ ಮುರಿದಳೆಂದು ಬರೆದು ಕೆಲಸದಿಂದ ತೆಗೆಯುವುದು ಹೆಚ್ಚುಕಮ್ಮಿ ಗೊತ್ತಾಗಿದೆ. ಬರಿಗೈಯಲ್ಲಿ ಎಂದು ಹೇಳಲು ಹೋಗಿ, ಭಾವ ನಾಲಿಗೆ ಕಚ್ಚಿಕೊಂಡರು.

“ಆರನೇದು ನಾವು ತೋರಿಸಿದೀವಲ್ಲ ಭಾವ?” ಎಂದ ನೇರಪ್ಪ.

“ನೀನೇ ಬಂದು ನೋಡು. ನಾನ್ ಹೇಳಿದ್ರೆ ನಿನ್ ತಲೆಗೆ ಹೋಗಲ್ಲ.”

ಶಿಫ್ಟು ಬದಲಾಗುವ ಹೊತ್ತಿಗೆ ಕಾರ್ಖಾನೆಯ ಕಬ್ಬಿಣದ ಮೆಟ್ಟಿಲಿನ ಮೇಲೆ ಅವನನ್ನು ನಿಲ್ಲಿಸಿದರು. ಕೆಳಗೆ ಪ್ರೆಸ್ಸುಗಳ ಸಾಲು, ಎಣ್ಣೆ ಮೆತ್ತಿದ ನೆಲ. ಶಿಫ್ಟಿಗೆ ಮೊದಲು ಅಚ್ಚು ಸ್ವಚ್ಛ ಮಾಡುವ ಕೆಲಸ ನಡೆದಿತ್ತು. ಮೊದಲನೆಯ ಕೆಲಸಗಾರ ಸ್ವಿಚ್ಚು ಇಳಿಸಿದ, ಬೀಗ ಹಾಕಿದ. ಬಲಗೈಯನ್ನು ಸೊಂಟದಿಂದ ಎದೆಯೆತ್ತರಕ್ಕೆ ಎತ್ತಿ, ಗುಂಡಿಯ ಕಡೆಗೆ ಅರ್ಧ ದಾರಿ ಚಾಚಿ, ಮಣಿಕಟ್ಟನ್ನು ಒಂದಿಷ್ಟು ಒಳಕ್ಕೆ ತಿರುಗಿಸಿ ಹಾಗೇ ಇಳಿಸಿದ. ಕೈ ಪ್ರೆಸ್ಸಿನೊಳಗೆ ಹೋಯಿತು. ಎರಡನೆಯವನೂ ಅಷ್ಟೇ ಎತ್ತರಕ್ಕೆ ಎತ್ತಿದ, ಅಷ್ಟೇ ತಿರುಗಿಸಿದ. ಮೂರನೆಯ ಪ್ರೆಸ್ಸು ಖಾಲಿ ನಿಂತಿತ್ತು. ನಾಲ್ಕನೆಯವಳು, ಐದನೆಯವನು. ಒಬ್ಬರ ಬೆರಳೂ ಗುಂಡಿಯನ್ನು ಮುಟ್ಟಲಿಲ್ಲ, ಒಬ್ಬರೂ ಆ ಹಂತವನ್ನು ಬಿಡಲಿಲ್ಲ. ಪ್ರಾರ್ಥನೆಯ ಕೈಮುಗಿತದಷ್ಟು ಶ್ರದ್ಧೆಯಿಂದ ಎಲ್ಲರೂ ಗಾಳಿಗೊಂದು ಸಲಾಮು ಹೊಡೆದು ಒಳಗೆ ಕೈ ಹಾಕುತ್ತಿದ್ದರು.

ಆ ಮಣಿಕಟ್ಟಿನ ತಿರುವು ಯಾರದ್ದು ಎಂದು ನೇರಪ್ಪನಿಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದರು ಅದರ ಒಡೆಯರು.

“ಹೊಸಬ್ರೆಲ್ಲ ಹಿಂಗೇ” ಎಂದರು ಭಾವ. “ನಾನು ಬೈದೆ. ಪರದೆ ತೋರಿಸಿ, ಅಲ್ಲಿ ಹಿಂಗೇ ಇದೆಯಲ್ಲ ಅಂದ್ರು. ನೋಡಿದೆ. ನನ್ನ ಕೈಯೇ, ಆದ್ರೆ ನನ್ನ ಕೆಲ್ಸ ಅಲ್ಲ.”

“ಯಾವಾಗ ನೋಡಿದ್ರಿ?”

“ಆರು ತಿಂಗಳಾಯ್ತು. ಕಂಪ್ಯೂಟರ್ನೋರು ಬುದ್ಧಿವಂತ್ರು, ಏನೋ ಕಾರಣ ಇರ್ಬೇಕು ಅಂದ್ಕೊಂಡೆ.” ಅವರು ಕಟಾಂಜನ ಹಿಡಿದ ತಮ್ಮ ಹತ್ತು ಬೆರಳನ್ನೇ ನೋಡುತ್ತಿದ್ದರು. “ನಿನ್ನ ಮೇಲೆ ಅಷ್ಟು ನಂಬಿಕೆ ಇಡಬಾರ್ದಿತ್ತು ಕಣೋ.”

ಆಫೀಸಿಗೆ ಬಂದವನು ಅನಿಮೇಟರ್ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಆರನೇ ಹಂತವನ್ನು ಒಂದೊಂದೇ ಫ್ರೇಮು ಸರಿಸಿ ನೋಡಿದ. ಲೆಕ್ಕ ಮಗುವಿಗೂ ಅರ್ಥವಾಗುವಂಥದ್ದು. ಕ್ಲಿಪ್ಪಿನ ಉದ್ದ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು. ಏರಲು ಮೂರು ಪಾಲು, ಇಳಿಯಲು ಮೂರು ಪಾಲು. ಏರುವುದು ಮುಗಿಯುವ ಮೊದಲೇ ಇಳಿಯುವುದು ಶುರು. ಹಿಂದಿನ ಕ್ಲಿಪ್ಪು, ಬೀಗ ಹಾಕಿ ಕೈ ಇಳಿಬಿಟ್ಟದ್ದು, ಇನ್ನೂ ಹೋಗಿಲ್ಲ. ಮುಂದಿನದು, ಬಗ್ಗಿ ಒಳಗೆ ಕೈ ಚಾಚುವುದು, ಆಗಲೇ ಬಂದಾಗಿದೆ. ಬೆರಳು ಗುಂಡಿಯನ್ನು ಮುಟ್ಟಬೇಕಾದ ಸರಿಯಾದ ಫ್ರೇಮಿನಲ್ಲಿ ಪರೀಕ್ಷೆಯ ತೂಕ ಅರ್ಧ. ಅದಕ್ಕಿಂತ ಮೇಲೆ ಅದು ಎಂದೂ ಏರಿಲ್ಲ. ಉಳಿದರ್ಧವನ್ನು ಆಚೀಚಿನವು ಹಂಚಿಕೊಂಡಿದ್ದವು. ಕೂಡಿದರೆ ಒಂದು. ಎಲ್ಲಿ ನೋಡಿದರೂ ಒಂದು. ಅಂಕಿ ಆರು ಮಾತ್ರ ಪಕ್ಕದಲ್ಲಿ ಪೂರ್ತಿ ಹೊತ್ತಿಕೊಂಡಿತ್ತು.

ಹುಡುಗಿ ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ. ಎಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು.

ತಿದ್ದುವುದಕ್ಕೆ ಒಂದೇ ಸಾಲು ಸಾಕಾಯಿತು. ಕರಗುವ ಹೊತ್ತು, ಎರಡು ಕ್ಲಿಪ್ಪುಗಳಲ್ಲಿ ಚಿಕ್ಕದರ ಮೂರನೇ ಒಂದು ಪಾಲನ್ನು ಮೀರಕೂಡದು. ಹುಡುಗಿ ಕ್ಲಿಪ್ಪನ್ನೂ ಹಿಗ್ಗಿಸಿ, ಬೆರಳು ಗುಂಡಿಯ ಮೇಲೆ ಒಂದು ಪೂರ್ತಿ ಸೆಕೆಂಡು ನಿಲ್ಲುವ ಹಾಗೆ ಮಾಡಿದಳು. ಯಜಮಾನ ಬಂದು ನೋಡಿ, ಇದನ್ನು ಮಾಮೂಲಿ ಅಪ್‌ಡೇಟ್ ಎಂದು ಕಳಿಸಿಬಿಡೋಣ ಎಂದ. ವಿಚಾರಣೆಗೆ ಒಂದು ಪತ್ರವನ್ನೂ ಬರೆಸಿದ: ಒಂಬತ್ತೂ ಹಂತಗಳು ಪಾಠದಲ್ಲಿವೆ, ಅಧಿಕಾರಿಯೇ ಎಣಿಸಿ ಒಪ್ಪಿದ್ದಾರೆ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. “ಹದಿನಾಲ್ಕು ಕುರ್ಚಿ ಇದೆ ಇಲ್ಲಿ, ನೆನಪಿರಲಿ” ಎಂದು ಪತ್ರವನ್ನು ನೇರಪ್ಪನ ಜೇಬಿಗೆ ತಾನೇ ಇಟ್ಟ.

ಸೋಮವಾರ ಉದ್ದ ಮೇಜಿನ ಆಚೆ ಮೂವರು, ಈಚೆ ಒಂಟಿ ಕುರ್ಚಿಯಲ್ಲಿ ಆ ಹೆಂಗಸು. ಮೂವತ್ತರ ಆಸುಪಾಸಿನವಳು. ಬಲಗೈಯ ಬ್ಯಾಂಡೇಜನ್ನು ಮಡಿಲಲ್ಲಿ ಮಲಗಿಸಿಕೊಂಡು ಎಡಗೈಯಿಂದ ಮುಚ್ಚಿಕೊಂಡಿದ್ದಳು. ಗೋಡೆಬದಿಯಲ್ಲಿ ಭಾವ ನಿಂತಿದ್ದರು, ಕಂಪನಿಯ ಪರವಾಗಿ ಬಂದ ನೇರಪ್ಪ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಆರನೇ ಹಂತವನ್ನು ಯಾಕೆ ಮಾಡಲಿಲ್ಲ ಎಂದು ಮೇಜಿನವರು ಕೇಳಿದರು. ಮಾಡಿದೆ ಎಂದಳು. ಹೇಗೆ ಮಾಡಿದೆ, ತೋರಿಸು ಎಂದರು.

ಅವಳು ಎದ್ದು ನಿಂತಳು. ಇಲ್ಲದ ಸ್ವಿಚ್ಚಿಗೆ ಎಡಗೈಯಿಂದ ಇಲ್ಲದ ಬೀಗ ಹಾಕಿದಳು. ಆಮೇಲೆ ಬ್ಯಾಂಡೇಜಿನ ಕೈಯನ್ನು ಎದೆಯೆತ್ತರಕ್ಕೆ ಎತ್ತಿ, ಅರ್ಧ ದಾರಿ ಚಾಚಿ, ಮಣಿಕಟ್ಟನ್ನು ಒಂದಿಷ್ಟು ಒಳಕ್ಕೆ ತಿರುಗಿಸಿ ಇಳಿಸಿದಳು. ತಿರುಗಿಸುವಾಗ ನೋವಾಯಿತು, ಆದರೂ ತಿರುವನ್ನು ಬಿಡಲಿಲ್ಲ. ಪಾಠದಲ್ಲಿ ಇದ್ದದ್ದು ಹಾಗೆ.

“ಇಷ್ಟೇ ಸಾರ್ ಹೇಳ್ಕೊಟ್ಟಿದ್ದು” ಎಂದಳು.

ಮೇಜಿನ ನಡುವಿನವನು ಏನೋ ಬರೆದುಕೊಳ್ಳಲು ಪೆನ್ನು ತೆಗೆದ. ತನ್ನನ್ನು ಕರೆಯುವ ಮೊದಲೇ ನೇರಪ್ಪ ಎದ್ದಿದ್ದ. ಜೇಬಿನ ಪತ್ರ ಜೇಬಿನಲ್ಲೇ ಉಳಿಯಿತು.

“ಇವರದ್ದೇನೂ ತಪ್ಪಿಲ್ಲ. ನಾನು ಏನು ತೋರಿಸಿದ್ದೆನೋ ಅದನ್ನೇ ಮಾಡಿದಾರೆ” ಎಂದ.

ವಿವರಿಸಿ ಎಂದರು. ಜನ್ಮವಿಡೀ ತನ್ನ ಗ್ರಾಫಿನ ಬಗ್ಗೆ ಕೇಳುವವರು ಸಿಗಲಿ ಎಂದು ಕಾದಿದ್ದ ಮನುಷ್ಯ. ಈಗ ಕೋಣೆ ತುಂಬ ಕೇಳುವವರು. ಒಬ್ಬರೂ ಆಕಳಿಸುತ್ತಿಲ್ಲ, ಒಬ್ಬರೂ ಗಡಿಯಾರ ನೋಡುತ್ತಿಲ್ಲ. ನಾಲ್ಕೇ ನಿಮಿಷದಲ್ಲಿ ಮುಗಿಸಿದ. ಕ್ಲಿಪ್ಪು ಎಂದರೇನು, ತೂಕ ಎಂದರೇನು, ಅರ್ಧ ತೂಕದಲ್ಲಿ ಕೈ ಎಲ್ಲಿ ನಿಲ್ಲುತ್ತದೆ. ಇದನ್ನು ಬಾಣ ಹಾಕಿ ಮಾಡಿದ್ದರೂ ತಪ್ಪಬಹುದಿತ್ತಲ್ಲವೇ ಎಂದು ಮೇಜಿನವನೊಬ್ಬ ಕೇಳಿದ. ಬಹುದಿತ್ತು ಎಂದ ನೇರಪ್ಪ. ಗ್ರಾಫಿನದೂ ತಪ್ಪಲ್ಲ, ಅದು ಹೇಳಿದಷ್ಟು ಮಾಡುತ್ತದೆ. ನೋಡು ಎಂದು ಹೇಳಿದವಳೊಬ್ಬಳಿದ್ದಳು, ನಾನು ನೋಡಲಿಲ್ಲ. ಇಷ್ಟು ಹೇಳಿ ಕೂತ. ಆ ಹೆಂಗಸು ಮಾತ್ರ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಕೋಪವೂ ಅಲ್ಲ, ಕೃತಜ್ಞತೆಯೂ ಅಲ್ಲ. ಇಷ್ಟಕ್ಕಾ ಎಂಬಂಥ ನೋಟ. ಹನ್ನೆರಡು ಫ್ರೇಮಿಗಾ ಎಂಬಂಥ ನೋಟ.

ಅವಳ ಕೆಲಸ ಉಳಿಯಿತು. ಪ್ರೆಸ್ಸಿನ ಮೇಲಲ್ಲ, ಬೀಗಗಳನ್ನು ಕೊಟ್ಟು ಪಡೆಯುವ ಸಣ್ಣ ಕೋಣೆಯ ಕಿಟಕಿಯಲ್ಲಿ. ಯಜಮಾನನ ಹದಿನಾಲ್ಕು ಕುರ್ಚಿಗಳಲ್ಲಿ ಆರು ಖಾಲಿಯಾದವು. ಮೊದಲು ಖಾಲಿಯಾದದ್ದು, ಅನ್ಯಾಯವೆಂದರೆ ಇದು, ಅನಿಮೇಟರ್ ಹುಡುಗಿಯದ್ದು. ನೇರಪ್ಪನನ್ನು ತೆಗೆಯಲಿಲ್ಲ. ಗ್ರಾಫಿನ ಒಳಹೊಕ್ಕು ತಿಳಿದವನು ಅವನೊಬ್ಬನೇ, ಮೂವತ್ತೆಂಟು ಪರದೆಗಳಿಗೆ ತಿದ್ದಿದ ಪಾಠವನ್ನು ಯಾರಾದರೂ ಹಾಕಬೇಕಲ್ಲ. ಕಾರ್ಖಾನೆಗೆ ಹೋಗಿ ನೀನೇ ಹಾಕಿ ಬಾ ಎಂದ ಯಜಮಾನ. ಆಫೀಸಿನಲ್ಲಿ ಅವನನ್ನು ನೇರಪ್ಪ ಎಂದು ಕರೆಯುವುದನ್ನು ಜನ ಬಿಟ್ಟರು. ಬೇರೆ ಹೆಸರೂ ಇಡಲಿಲ್ಲ.

ತಿದ್ದಿದ ಪಾಠ ಹಾಕಿದರೂ ಕೈಗಳು ತಿದ್ದಿಕೊಳ್ಳಲಿಲ್ಲ. ಪರದೆಯ ಗೊಂಬೆ ಈಗ ಗುಂಡಿಯನ್ನು ಸೆಕೆಂಡು ಪೂರ್ತಿ ಅದುಮಿ ಹಿಡಿಯುತ್ತಿತ್ತು. ಕೆಳಗೆ ನಿಂತವರು ಹದಿನಾಲ್ಕು ತಿಂಗಳ ಅಭ್ಯಾಸದಿಂದ ಅರ್ಧಕ್ಕೇ ಇಳಿಸುತ್ತಿದ್ದರು. ಭಾವ ಶಿಫ್ಟು ಶಿಫ್ಟಿಗೂ ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬರ ಮಣಿಕಟ್ಟು ಹಿಡಿದು ಗುಂಡಿಯ ತನಕ ತಳ್ಳುತ್ತಿದ್ದರು. ನಿವೃತ್ತಿಗೆ ಉಳಿದಿದ್ದ ತಿಂಗಳುಗಳೆಲ್ಲ ಅದರಲ್ಲೇ ಹೋದವು. ಅಕ್ಕನ ಮನೆಗೆ ಹೋದರೆ ಭಾವ ಊಟಕ್ಕೆ ಕೂರು ಎನ್ನುತ್ತಿದ್ದರು, ಉಪ್ಪು ಇತ್ತ ಕೊಡು ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಮಾತು ಇರಲಿಲ್ಲ.

ಕೊನೆಗೆ ಉಳಿದದ್ದು ಮೂರನೇ ಪ್ರೆಸ್ಸು. ಅದರ ಪರದೆ ಅಪಘಾತದ ದಿನವೇ ಕೆಟ್ಟಿತ್ತು, ಬಿಚ್ಚಿ ಬೇರೆಯದು ಕೂರಿಸಬೇಕಿತ್ತು. ಕಂಬದ ತಂತಿಗೆ ಕರೆಂಟು ಬರುವುದು ಪ್ರೆಸ್ಸಿನ ಸ್ವಿಚ್ಚಿನಿಂದಲೇ, ಹಾಗಾಗಿ ಮೊದಲು ಪ್ರೆಸ್ಸಿಗೆ ಬೀಗ. ಶಿಫ್ಟು ಬದಲಾಗುವ ಹೊತ್ತು, ಪ್ರೆಸ್ಸುಗಳೆಲ್ಲ ನಿಂತಿದ್ದವು. ನೇರಪ್ಪ ಮೂರನೇ ಪ್ರೆಸ್ಸಿನ ಎದುರಿಗೇ ಇದ್ದ ಕಿಟಕಿಗೆ ಹೋಗಿ ಬೀಗ ಕೇಳಿದ. ಅವಳು ಪುಸ್ತಕದಲ್ಲಿ ಎಡಗೈಯಿಂದ ನಿಧಾನವಾಗಿ ಅಂಕಿ ಬರೆದು, ಬೀಗವನ್ನು ಬಲಗೈಯ ಹೆಬ್ಬೆರಳಿಗೆ ಸಿಕ್ಕಿಸಿ ಚಾಚಿದಳು. ಅವನು ತೆಗೆದುಕೊಂಡ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅವಳ ಹಿಂದಿನ ಗಂಟೆ ಹೊಡೆಯಿತು, ಅವಳು ಆ ಕಡೆ ತಿರುಗಿದಳು.

ಸ್ವಿಚ್ಚು ಇಳಿಸಿದ. ಬೀಗ ಹಾಕಿ ಎಳೆದು ನೋಡಿದ. ಒಂಬತ್ತೂ ಹಂತ ಅವನಿಗೆ ಬಾಯಿಪಾಠ. ಕೋಡು ಬರೆಯುವಾಗ, ಗೊಂಬೆ ಜಿಗಿಯುತ್ತದೋ ಇಲ್ಲವೋ ಎಂದು ಅದನ್ನು ಸಾವಿರ ಸಲ ನೋಡಿದ್ದ. ಕಾರ್ಖಾನೆಯ ಯಾವ ಕೆಲಸಗಾರನೂ ಅಷ್ಟು ಸಲ ನೋಡಿರಲಾರ. ಬಗ್ಗಿ ಸ್ಕ್ರೂಡ್ರೈವರನ್ನು ಕಂಬದ ಸಂದಿಗೆ ಇಟ್ಟ.

“ಸಾರ್.”

ಕಿಟಕಿಯಿಂದ ಅವಳು ನೋಡುತ್ತಿದ್ದಳು.

“ಒತ್ತಲಿಲ್ಲ ನೀವು.”

ಒತ್ತಿದೆನಲ್ಲ ಎಂದು ಹೇಳಹೊರಟವನು ತನ್ನ ಬಲಗೈಯನ್ನು ನೋಡಿಕೊಂಡ. ಅದು ಎದ್ದದ್ದೂ ಇಳಿದದ್ದೂ ಅವನಿಗೆ ನೆನಪಿತ್ತು. ಮಣಿಕಟ್ಟು ಒಳಕ್ಕೆ ತಿರುಗಿದ್ದೂ ನೆನಪಿತ್ತು. ಬೆರಳ ತುದಿಗೆ ಗುಂಡಿ ತಾಕಿದ್ದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.